ಕೆಲಸ ಹೋದ ಗೆಳೆಯನಿಗೆ ಏನಂತ ಬರೆಯೋದು

ತೆಂಗಿನ ಕಪ್ಪುತಲೆ ಹುಳದ ಬಗ್ಗೆ ಈ ವಾರ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಮೊನ್ನೆ ಪಕ್ಕದ ಹಳ್ಳಿಯ ಹುಡುಗ ಒಬ್ಬ ಫೋನ್ ಮಾಡಿದ್ದ. ಅವನ ಜೊತೆ ಓದಿದವನಿಗೆ ಬೆಂಗಳೂರಲ್ಲಿ ಕೆಲಸ ಹೋಗಿದೆಯಂತೆ. "ಅಣ್ಣ, ಎರಡು ದಿನದಿಂದ ಏನೋ ಬರೀತೀನಿ, ಅಳಿಸ್ತೀನಿ. ಏನಂತ ಮೆಸೇಜ್ ಹಾಕ್ಲಿ?" ಅಂದ. ನಮ್ಮ ತಿಪಟೂರು ಸೀಮೆಯಲ್ಲಿ ಮನೆಗೊಬ್ಬರು ಪೀಣ್ಯದಲ್ಲೋ ನೆಲಮಂಗಲದಲ್ಲೋ ಇರೋದ್ರಿಂದ ಈ ಪ್ರಶ್ನೆ ನಿಮಗೂ ಬಂದಿರುತ್ತೆ, ಇಲ್ಲಾ ಬರುತ್ತೆ. 2024ರ ಆಗಸ್ಟ್‌ನಲ್ಲಿ ನನ್ನ ಗೆಳೆಯನಿಗೆ ಹಿಂಗೇ ಆಗಿತ್ತು. ಅವನನ್ನ ಕೇಳಿಯೇ ಇದನ್ನ ಬರೀತಿದೀನಿ. ಹೆಸರು, ಕಂಪನಿ ಎರಡೂ ಬೇಡ ಅಂದಿದಾನೆ.

ಅವನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಮೆಷಿನ್ ಆಪರೇಟರ್. 11 ವರ್ಷ 8 ತಿಂಗಳ ಸರ್ವಿಸು. ಸಂಜೆ ಫೋನ್ ಮಾಡಿದ, ಕೊಬ್ಬರಿ ರೇಟ್ ಕೇಳಿದ, ಮಳೆ ಕೇಳಿದ, ನಮ್ಮಮ್ಮನ ಮಂಡಿನೋವು ಕೇಳಿದ. ಇಡೋ ಹೊತ್ತಿಗೆ "ಅದಿರ್ಲಿ, ಕೆಲ್ಸ ಹೋಯ್ತು ಕಣೋ, ಲೈನೇ ಮುಚ್ತಾರಂತೆ, ಹದಿನಾಲ್ಕು ಜನ" ಅಂದು ಇಟ್ಟೇಬಿಟ್ಟ. ತಿರುಗಿ ಮಾಡಿದ್ರೆ ತೆಗೀಲಿಲ್ಲ.

ಆ ರಾತ್ರಿ ನಾನು ಅವನಿಗೆ ಹಾಕಿದ ಮೆಸೇಜ್ ಇದು. ಅವನ ಫೋನಲ್ಲಿ ಇನ್ನೂ ಇದೆಯಂತೆ, ಅದನ್ನೇ ನೋಡಿ ಇಳಿಸಿದೀನಿ.

"ಲೋ, ಫೋನಲ್ಲಿ ಮಾತು ಅರ್ಧಕ್ಕೆ ನಿಂತೋಯ್ತು, ಅದಕ್ಕೆ ಬರೀತಿದೀನಿ. ಹನ್ನೊಂದು ವರ್ಷ ಒಂದೇ ಕಡೆ ದುಡಿದವನಿಗೆ ಹಿಂಗೆ ಮಾಡಿದ್ರೆ ಹೊಟ್ಟೆ ಉರೀದೆ ಇರುತ್ತಾ. ಲೈನ್ ಮುಚ್ಚಿದ್ದು ಅವರು, ನೀನು ಕೆಲ್ಸ ಕೆಡಿಸಿದ್ದಲ್ಲ. ನೀನು ಕಲಿಸಿದ ಹುಡುಗ್ರೇ ಆರು ಜನ ಬೇರೆ ಬೇರೆ ಕಂಪನೀಲಿ ಮೆಷಿನ್ ಮುಂದೆ ನಿಂತವ್ರೆ. ಇದಕ್ಕೆ ಉತ್ತರ ಬರೀಬೇಡ, ಓದಿ ಮಲಕ್ಕೋ. ಭಾನುವಾರ ನಾನು ರೈಲಲ್ಲಿ ಬರ್ತಿದೀನಿ, ಹತ್ತು ಗಂಟೆಗೆ ಯಶವಂತಪುರ ಸ್ಟೇಷನ್ ಹೊರಗೆ ಇರ್ತೀನಿ. ನಿಂಗೆ ಬರೋ ಮನಸ್ಸಿಲ್ದಿದ್ರೆ ಬೇಡ, ನಂಗೆ ಹೆಂಗೂ ಅಕ್ಕನ ಮನೇಲಿ ಕೆಲ್ಸ ಐತೆ. ಅಪ್ಪನ ಹತ್ರ ನಾನು ಬಾಯಿ ಬಿಡಲ್ಲ, ನೀನು ಹೇಳಿದ ಮೇಲೇ ನಂಗೂ ಗೊತ್ತು. ಒಂದೇ ಮಾತು, ಅವರು ಯಾವ ಪೇಪರ್ ಕೊಟ್ರೂ ಅವತ್ತೇ ಸೈನ್ ಹಾಕ್ಬೇಡ. ಮನೇಲಿ ಓದ್ಕೊಂಡು ಬರ್ತೀನಿ ಅನ್ನು, ಫೋಟೊ ತೆಗೆದು ನಂಗೆ ಕಳಿಸು."

ಇಷ್ಟೇ. ಇದರಲ್ಲಿ ಏನೂ ಬುದ್ಧಿವಂತಿಕೆ ಇಲ್ಲ, ಆದ್ರೆ ಒಂದೊಂದು ಮಾತಿಗೂ ಕಾರಣ ಐತೆ.

ವಾಯ್ಸ್ ಮೆಸೇಜ್ ಕಳಿಸದೆ ಬರೆದಿದ್ದಕ್ಕೂ ಕಾರಣ ಇತ್ತು. ಅವನಿರೋದು ಎರಡು ರೂಮಿನ ಬಾಡಿಗೆ ಮನೆ. ಹೆಂಡತಿಗೆ ಹೇಳಿದಾನೋ ಇಲ್ವೋ ನನಗೆ ಗೊತ್ತಿರಲಿಲ್ಲ. ವಾಯ್ಸ್ ಒತ್ತಿದ್ರೆ ಮಕ್ಕಳ ಮುಂದೆ ನನ್ನ ಗಂಟಲು ಕೂಗುತ್ತೆ. ಬರೆದಿದ್ದನ್ನ ಬಸ್ಸಲ್ಲೂ ಓದಬಹುದು, ರಾತ್ರಿ ನಿದ್ದೆ ಬರದಾಗ ಇನ್ನೊಂದ್ಸಲ ಓದಬಹುದು. ಉತ್ತರ ಬೇಡ ಅಂದಿದ್ದು ಯಾಕೆ ಅಂದ್ರೆ, ಅಂಥಾ ದಿನ ಮೂವತ್ತು ಜನಕ್ಕೆ "ಪರವಾಗಿಲ್ಲ, ಚೆನ್ನಾಗಿದೀನಿ" ಅಂತ ಬರೆಯೋದೇ ಒಂದು ಕೆಲಸ ಆಗುತ್ತೆ. "ಏನಾದ್ರೂ ಬೇಕಿದ್ರೆ ಹೇಳು" ಅಂತ ನಾವು ಸುಲಭವಾಗಿ ಅಂದ್ಬಿಡ್ತೀವಿ. ಏನು ಬೇಕು ಅಂತ ಯೋಚನೆ ಮಾಡೋ ಕೆಲಸಾನೂ ಅವನ ತಲೆಗೇ ಬೀಳುತ್ತೆ, ಯಾವನೂ ಕೇಳಲ್ಲ. ಭಾನುವಾರ, ಹತ್ತು ಗಂಟೆ, ಯಶವಂತಪುರ ಅಂದ್ರೆ ಅವನು ಬರಬೇಕು ಇಲ್ಲಾ ಬಿಡಬೇಕು, ಅಷ್ಟೇ.

"ನೀನು ಕೆಡಿಸಿದ್ದಲ್ಲ" ಅನ್ನೋ ಮಾತು ಸಮಾಧಾನಕ್ಕೆ ಹೇಳಿದ್ದಲ್ಲ, ನಡೆದದ್ದೇ ಅದು. ಆ ಲೈನಿನ ಆರ್ಡರ್ ನಿಂತಿತ್ತು, ಹದಿನಾಲ್ಕು ಜನರನ್ನೂ ಒಟ್ಟಿಗೆ ತೆಗೆದಿದ್ರು. "ನಿನ್ನಂಥ ಟ್ಯಾಲೆಂಟ್ ಇರೋನಿಗೆ ಕೆಲ್ಸ ಸಿಗದೆ ಇರುತ್ತಾ" ಅಂತ ಬರೆದಿದ್ರೆ, ಸಿಗದೇ ಇದ್ದಾಗ ಆ ಮಾತು ಅವನಿಗೇ ಚುಚ್ಚುತ್ತೆ. ಆರು ಹುಡುಗರಿಗೆ ಕಲಿಸಿದ್ದು ಮಾತ್ರ ಕೆಲಸ ಸಿಕ್ಕಿದ್ರೂ ನಿಜ, ಸಿಗದಿದ್ರೂ ನಿಜ. "ಆಗಿದ್ದೆಲ್ಲಾ ಒಳ್ಳೇದಕ್ಕೆ" ಅಂತ ನಮ್ಮೂರಿನ ಹಿರಿಯರೊಬ್ಬರು ಅವನಿಗೆ ಫೋನಲ್ಲೇ ಅಂದ್ರಂತೆ. ತಿಂಗಳಿಗೆ 12,000 ಬಾಡಿಗೆ ಕಟ್ಟೋನಿಗೆ ಈ ಮಾತು ಯಾವ ಕಿವಿಗೆ ಹೋಗುತ್ತೆ ಹೇಳಿ.

ಈಗ ಆ ಸೈನ್ ವಿಷಯ. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಅವತ್ತು ನಾನು ಕೊಟ್ಟ ಧೈರ್ಯದಲ್ಲಿ ಅವನ ಮನೆ ನಡೆಸಿದ್ದು ಇದೊಂದೇ.

ಮಾರನೇ ದಿನ ಹದಿನಾಲ್ಕೂ ಜನರನ್ನ ಒಬ್ಬೊಬ್ಬರಾಗಿ ಒಳಗೆ ಕರೆದು ಒಂದು ಹಾಳೆ ಕೊಟ್ರಂತೆ. ಇಂಗ್ಲಿಷಲ್ಲಿ ಟೈಪ್ ಆಗಿತ್ತು. ಅವನು "ಮನೇಲಿ ಓದ್ಕೊಂಡು ಬರ್ತೀನಿ ಸಾರ್" ಅಂದು ಫೋಟೊ ಕಳಿಸಿದ. ನಾನು ನಮ್ಮ ಊರಿನ ಲಾಯರ್ ಹುಡುಗನಿಗೆ ತೋರಿಸಿದೆ. ಅದು ರಾಜೀನಾಮೆ ಪತ್ರ. ಸ್ವಂತ ಕಾರಣಕ್ಕೆ ಸ್ವಇಚ್ಛೆಯಿಂದ ಬಿಡ್ತಿದೀನಿ ಅಂತ ಬರೆದಿತ್ತು. ಅದಕ್ಕೆ ಸೈನ್ ಬಿದ್ರೆ ಕಂಪನಿ ತೆಗೆದಂಗಲ್ಲ, ಇವನೇ ಬಿಟ್ಟಂಗೆ.

ಎರಡಕ್ಕೂ ಏನು ವ್ಯತ್ಯಾಸ ಅನ್ನೋದನ್ನ ಅವನ ಲೆಕ್ಕದಲ್ಲೇ ನೋಡಿ. ಒಟ್ಟು ಸಂಬಳ 38,000. ಅದರಲ್ಲಿ ಬೇಸಿಕ್ಕು, ಡಿ.ಎ. ಸೇರಿ 20,800. ಗ್ರಾಚ್ಯುಟಿ ಅನ್ನೋದು ಐದು ವರ್ಷ ತುಂಬಿದವರಿಗೆ ರಾಜೀನಾಮೆ ಕೊಟ್ರೂ ಬರುತ್ತೆ, ತೆಗೆದ್ರೂ ಬರುತ್ತೆ. ಲೆಕ್ಕ ಹಿಂಗೆ: ಕೊನೆಯ ಬೇಸಿಕ್ ಮತ್ತು ಡಿ.ಎ.ನ 26ರಿಂದ ಭಾಗಿಸಿ 15ರಿಂದ ಗುಣಿಸಬೇಕು, ಅದನ್ನ ಸರ್ವಿಸ್ ವರ್ಷದಿಂದ ಗುಣಿಸಬೇಕು. ಆರು ತಿಂಗಳ ಮೇಲೆ ಇದ್ರೆ ಪೂರ್ತಿ ವರ್ಷ ಅಂತ ಲೆಕ್ಕ, ಹಾಗಾಗಿ ಇವನಿಗೆ 12 ವರ್ಷ. 1,44,000 ಆಯ್ತು.

ಆದ್ರೆ ಕಂಪನಿಯೇ ಕೆಲಸ ಇಲ್ಲ ಅಂತ ತೆಗೆದ್ರೆ, ಆಪರೇಟರ್‌ನಂಥ ಕಾರ್ಮಿಕನಿಗೆ ಇನ್ನೂ ಎರಡು ಬಾಬ್ತು ಬರಬೇಕು. ಒಂದು ತಿಂಗಳ ನೋಟಿಸು, ಇಲ್ಲಾ ಆ ತಿಂಗಳ ಸಂಬಳ, ಅದು 38,000. ಜೊತೆಗೆ ಒಂದೊಂದು ವರ್ಷಕ್ಕೂ ಹದಿನೈದು ದಿನದ ಸರಾಸರಿ ಸಂಬಳ ಪರಿಹಾರ. ಸುಮಾರು 19,000ದಂತೆ 12 ವರ್ಷಕ್ಕೆ 2,28,000. ಮೂರೂ ಸೇರಿ 4,10,000.

ಇದು 2024ರ ಲೆಕ್ಕ. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಸಂಬಳ ಅಂದ್ರೆ ಯಾವ್ಯಾವುದು ಅನ್ನೋ ಅರ್ಥ ಬದಲಾಗಿದೆ. ನಿಮ್ಮ ಕಡೆಯವರಿಗೆ ಈಗ ಆಗಿದ್ರೆ ಅಂಕಿನ ಕಾರ್ಮಿಕ ಇಲಾಖೆ ಕಚೇರಿಯಲ್ಲೇ ಕೇಳಿ ತಿಳ್ಕೊಳ್ಳಿ. ಸೈನ್ ಹಾಕೋ ಮುಂಚೆ ಕೇಳಿ, ಹಾಕಿದ ಮೇಲಲ್ಲ.

ಭಾನುವಾರ ಬಂದ. ಸ್ಟೇಷನ್ ಹೊರಗೆ ಟೀ ಕುಡಿದು ಹಂಗೇ ನಡಕೊಂಡು ಹೋದ್ವಿ. ಮೊದಲ ಒಂದು ಗಂಟೆ ಅವನು ಬಯ್ದ, ನಾನು ಕೇಳಿದೆ. ಆಮೇಲೆ ಬಂತು ನೋಡಿ, ನಾವೆಲ್ಲಾ ಕೇಳಿರೋ ಮಾತು. "ಸಾಕಾಯ್ತು ಕಣೋ. ಪಿ.ಎಫ್. ಎಲ್ಲಾ ತೆಕ್ಕೊಂಡು ಊರಿಗೆ ಬಂದ್ಬಿಡ್ತೀನಿ. ಐದು ಹಸು ಕಟ್ತೀನಿ."

ಟೀ ಅಂಗಡಿ ಕಟ್ಟೆ ಮೇಲೆ ಕೂತಿರೋರು "ಬಾರಪ್ಪಾ, ಭೂಮ್ತಾಯಿ ಕೈ ಬಿಡಲ್ಲ" ಅಂತಾರೆ. ಕೇಳೋಕೆ ಚೆನ್ನಾಗಿರುತ್ತೆ. ನಾನು ಬಾ ಅಂತಾನೂ ಅನ್ನಲಿಲ್ಲ, ಬೇಡ ಅಂತಾನೂ ಅನ್ನಲಿಲ್ಲ. ನನ್ನ ಎರಡು ಹಸುವಿನ ಲೆಕ್ಕ ಹೇಳಿದೆ. ನಾನು ಕೊನೇದಾಗಿ ತಂದ ಹಸುವಿಗೆ 75,000 ಆಗಿತ್ತು. ಐದಕ್ಕೆ 3,75,000. ಕೊಟ್ಟಿಗೆ, ಮೇವು ಕತ್ತರಿಸೋ ಮೆಷಿನ್ನು ಬೇರೆ. ಕರು ಹಾಕಿದ ಶುರುವಲ್ಲಿ ಕೊಡೋ ಹಾಲು ವರ್ಷ ಪೂರ್ತಿ ಕೊಡಲ್ಲ, ಬತ್ತಿದ ಎರಡು ತಿಂಗಳು ಡೇರಿ ಬಟವಾಡೆ ಸೊನ್ನೆ, ಬೂಸ ಹಿಂಡಿ ಖರ್ಚು ಮಾತ್ರ ನಿಲ್ಲಲ್ಲ. ಅವನ ಪಾಲಿಗೆ ಇರೋದು ಒಂದೆಕರೆ ಚಿಲ್ಲರೆ, ಬೋರ್ ಇಲ್ಲ, ಹಸಿಮೇವು ಕೊಂಡೇ ಹಾಕಬೇಕು. ನಮ್ಮ ಮನೇಲಿ ಹಸು ನಡೀತಿರೋದು ಮೇವು ನಮ್ಮ ತೋಟದಲ್ಲೇ ಇರೋದ್ರಿಂದ, ಹಸುವಿನಿಂದ ಮಾತ್ರ ಅಲ್ಲ.

ಆಮೇಲೆ ಅವನ ಮನೆ ಖರ್ಚನ್ನ ಒಂದು ಚೀಟಿ ಮೇಲೆ ಬರೆದ್ವಿ. ಬಾಡಿಗೆ, ಸ್ಕೂಲ್ ಫೀಸು, ಬೈಕ್ ಲೋನು, ದಿನಸಿ, ಅಪ್ಪನ ಬಿ.ಪಿ. ಮಾತ್ರೆ, ಎಲ್ಲಾ ಸೇರಿ ತಿಂಗಳಿಗೆ 29,000. ರಾಜೀನಾಮೆಗೆ ಸೈನ್ ಹಾಕಿದ್ರೆ ಕೈಗೆ ಬರೋ 1,44,000ದಲ್ಲಿ ಐದು ತಿಂಗಳೂ ಪೂರ್ತಿ ಕಳಿಯಲ್ಲ. ತೆಗೆದ ಲೆಕ್ಕದಲ್ಲಿ 4,10,000 ಬಂದ್ರೆ ಪಿ.ಎಫ್. ಮುಟ್ಟದೆ 14 ತಿಂಗಳು. ಅವನು ಆ ಚೀಟಿಯನ್ನ ಎರಡು ಸಲ ಕೂಡಿ ನೋಡಿದ. "ಹದಿನಾಲ್ಕು ತಿಂಗಳಾ?" ಅಂದ. ಅವತ್ತು ಅವನ ಮುಖದಲ್ಲಿ ರಕ್ತ ಬಂದಿದ್ದು ಆಗಲೇ. ಹಸು ಬೇಡ ಅಂತ ಹೇಳೋ ಅಗತ್ಯ ಬರಲಿಲ್ಲ. "ಕೆಲಸ ಸಿಕ್ಕಿದ ಮೇಲೂ ಈ ಆಸೆ ಇದ್ರೆ ಒಂದೇ ಒಂದು ಹಸು ತಂದು ನಮ್ಮ ಕೊಟ್ಟಿಗೇಲೇ ಕಟ್ಟು, ವರ್ಷ ನೋಡೋಣ" ಅಂದೆ.

ಪಿ.ಎಫ್. ಬಗ್ಗೆ ಒಂದು ಮಾತು. ಕೆಲಸ ಹೋದ ಕೂಡ್ಲೇ ಅದನ್ನ ಬಳಿದು ತೆಗೆಯೋದು ಎಲ್ಲರೂ ಮಾಡೋದು, ಬೇರೆ ದಾರಿ ಇಲ್ಲದವರು ತೆಗೀಲೇಬೇಕು. ಇವನಿಗೆ ದಾರಿ ಇತ್ತು. ಹೊಸ ಕಂಪನಿಗೆ ಸೇರಿದಾಗ ಅದೇ ಯು.ಎ.ಎನ್. ನಂಬರ್ ಕೊಟ್ಟು ಹಳೇ ಹಣ ಅಲ್ಲಿಗೇ ವರ್ಗ ಮಾಡಿಸ್ಕೋಬಹುದು. ಸರ್ವಿಸು ಹತ್ತು ವರ್ಷ ದಾಟಿರೋದ್ರಿಂದ 58ಕ್ಕೆ ತಿಂಗಳ ಪಿಂಚಣಿಯ ಹಕ್ಕೂ ಆಗಲೇ ಇತ್ತು. ಇದು ಅವನಿಗೇ ಗೊತ್ತಿರಲಿಲ್ಲ.

ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಮೊದಲ ದಿನವೇ ಸೈನ್ ಹಾಕಿಬಿಟ್ಟಿದ್ರು. ಅವರನ್ನ ಬಯ್ಯೋ ಹಂಗಿಲ್ಲ. "ಸೈನ್ ಹಾಕಿದ್ರೆ ಇವತ್ತೇ ರಿಲೀವಿಂಗ್ ಲೆಟರ್, ಇಲ್ಲಾಂದ್ರೆ ತಿರುಗಬೇಕಾಗುತ್ತೆ" ಅಂದಿದ್ರಂತೆ. ಉಳಿದ ಐದು ಜನ ಸೇರಿ, ತೆಗೀತಿರೋ ಕಾರಣವನ್ನ ಬರಹದಲ್ಲಿ ಕೊಡಿ ಅಂತ ಕಂಪನಿಗೆ ಪತ್ರ ಕೊಟ್ಟು, ಒಂದು ಪ್ರತಿಗೆ ಸೀಲ್ ಹಾಕಿಸ್ಕೊಂಡ್ರು. ಆಮೇಲೆ ಕಾರ್ಮಿಕ ಅಧಿಕಾರಿ ಹತ್ರ ಹೋದ್ರು. ಮೂರು ಸಲ ಕರೆಸಿ ಮಾತಾಡಿದ ಮೇಲೆ ಹಣ ಬಂತು. ಎರಡು ತಿಂಗಳು ಹಿಡೀತು. ಎಲ್ಲರಿಗೂ ಇಷ್ಟು ಬೇಗ ಆಗುತ್ತೆ ಅಂತ ನಾನು ಹೇಳಲ್ಲ. ಮೇಲ್ವಿಚಾರಣೆ ಕೆಲಸದವರಿಗೆ, ಗುತ್ತಿಗೆ ಏಜೆನ್ಸಿ ಮೂಲಕ ಇರೋರಿಗೆ ಲೆಕ್ಕ ಬೇರೆ. ಆದ್ರೆ ಸಹಿ ಇಲ್ಲದ ಹಾಳೆ ಕೈಯಲ್ಲಿದ್ರೆ ಮಾತಾಡೋಕೆ ಜಾಗ ಇರುತ್ತೆ.

ಇನ್ನು ಕಷ್ಟದ ಭಾಗ. ಬರ ಬಿದ್ದ ವರ್ಷವೇ ತೆಂಗಿನ ಫಸಲು ಪೂರ್ತಿ ಕೈ ಕೊಡಲ್ಲ ಅನ್ನೋದು ನಿಮಗೆ ಗೊತ್ತಲ್ಲ. ಆಗ ಗೊನೆಯಲ್ಲಿರೋ ಕಾಯಿ ಹೆಂಗೋ ಬಲೀತವೆ. ಹೊಡೆತ ಕಾಣೋದು ಮುಂದಿನ ವರ್ಷ, ಮಳೆ ಬಂದು ಎಲ್ಲರೂ ಬರ ಮರೆತ ಮೇಲೆ. ಇವನದ್ದೂ ಹಂಗೇ ಆಯ್ತು. ಮೊದಲ ವಾರ ಸಿಟ್ಟಿತ್ತು, ಜೊತೆಗೆ ಜನ ಇದ್ರು, ದಿನಕ್ಕೆ ಹತ್ತು ಫೋನು. ಒಂದು ತಿಂಗಳಾದ ಮೇಲೆ ಯಾರೂ ಮಾಡ್ತಿರಲಿಲ್ಲ. ಅವನ ಉತ್ತರಗಳೂ ಸಣ್ಣ ಆದವು. ಮೊದಲು ನಾಲ್ಕು ಸಾಲು ಬರೀತಿದ್ದವನು "ಹೂಂ" ಅಂದ, ಆಮೇಲೆ ಬರೀ ಹೆಬ್ಬೆರಳು. ರಾತ್ರಿ ಎರಡು ಗಂಟೆಗೆ ಆನ್‌ಲೈನ್ ಇರ್ತಿದ್ದ. ನಮಗೆ ತ್ರೀ ಫೇಸ್ ಕರೆಂಟು ರಾತ್ರಿ ಹೊತ್ತೇ ಕೊಡೋದ್ರಿಂದ ಮೋಟಾರ್ ಹಾಕೋಕೆ ಎದ್ದಾಗ ನನಗೆ ಕಾಣ್ತಿತ್ತು. ಬೆಸ್ಕಾಂನಿಂದ ಇದೊಂದು ಉಪಕಾರ.

ಆಗ "ಇಂಟರ್‌ವ್ಯೂ ಏನಾಯ್ತು" ಅಂತ ಕೇಳ್ತಿರಲಿಲ್ಲ. ಆಗಿದ್ರೆ ಅವನೇ ಹೇಳ್ತಾನೆ, ಆಗದಿದ್ರೆ ನನಗೆ ಲೆಕ್ಕ ಒಪ್ಪಿಸಿದಂಗೆ ಆಗುತ್ತೆ. "ಮೋಟಾರ್ ಹಾಕಿದೀನಿ, ಇನ್ನೂ ಒಂದು ಗಂಟೆ ಇಲ್ಲೇ ಇರ್ತೀನಿ" ಅಂತ ಹಾಕ್ತಿದ್ದೆ. ಕೆಲವು ರಾತ್ರಿ ಅವನೇ ಫೋನ್ ಮಾಡ್ತಿದ್ದ. ಮಾತು ಏನೂ ಇರ್ತಿರಲಿಲ್ಲ, ನೀರು ಹರಿಯೋ ಸದ್ದು ಕೇಳಿಸ್ಕೊಂಡು ಇಡ್ತಿದ್ದ.

ಅದೇ ತಿಂಗಳು ನಮ್ಮ ಮೇವು ಕತ್ತರಿಸೋ ಮೆಷಿನ್ನಿನ ಶಾಫ್ಟು ತಿಂದು ಅಲುಗಾಡ್ತಿತ್ತು. ತಿಪಟೂರಲ್ಲಿ ಹೊಸದೇ ಹಾಕ್ಸಿ ಅಂದ್ರು. ನಾನು ಫೋಟೊ, ವಿಡಿಯೊ ಅವನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು, ಒಂದು ಹೆಬ್ಬೆರಳಲ್ಲ, ಒಂದು ಪುಟ. ಶಾಫ್ಟ್ ಸರಿಯಾಗೈತೆ, ಬುಷ್ ಸವೆದಿರೋದು, ಒಳಗಿನ ಅಳತೆ ಇಷ್ಟು ತೆಗೆದು ಕಳಿಸು. ವರ್ನಿಯರ್ ಇಲ್ಲ ಅಂದೆ, ಬಯ್ದ. ಹಳೇ ಬುಷ್ಷನ್ನೇ ಬಸ್ಸಲ್ಲಿ ಕಳಿಸಿದೆ, ಪರಿಚಯದವರ ಲೇತ್‌ನಲ್ಲಿ ಎರಡು ಕಂಚಿನ ಬುಷ್ ತಿರುಗಿಸಿ ಅವನೇ ತಂದು ಹಾಕಿದ. ಕಂಚಿನ ದುಡ್ಡು, ಕೂಲಿ ಸೇರಿ ಕೊಟ್ಟೆ. ತಗೊಳ್ಳಲ್ಲ ಅಂದ. "ತಿಪಟೂರಿನವನಿಗೆ ಕೊಡ್ತಿದ್ದೆ, ನಿಂಗ್ಯಾಕೆ ಕೊಡಬಾರ್ದು" ಅಂದ ಮೇಲೆ ತಗೊಂಡ. ಕೆಲಸ ಇಲ್ಲದವನಿಂದ ಪುಕ್ಕಟೆ ಕೆಲಸ ಮಾಡಿಸ್ಕೊಳ್ಳೋರೂ ನಮ್ಮಲ್ಲಿ ಕಡಿಮೆ ಇಲ್ಲ, ಅದಕ್ಕೆ ಈ ಮಾತು.

ಅವತ್ತು ನಮ್ಮ ಮನೇಲೇ ಉಳ್ಕೊಂಡಿದ್ದ. ಸಾಯಂಕಾಲ ಅವನ ಅಪ್ಪನ ಹತ್ರ ಹೋಗಿ ಎಲ್ಲಾ ಹೇಳಿ ಬಂದ. ನಾನು ಜೊತೆಗೆ ಹೋಗಲಿಲ್ಲ, ಅವನೂ ಕರೀಲಿಲ್ಲ. "ಏನಂದ್ರು?" ಅಂದೆ. "ಮಾತ್ರೆ ದುಡ್ಡು ಕಳಿಸೋದು ಬೇಡ, ಇಲ್ಲಿ ಸರ್ಕಾರಿ ಆಸ್ಪತ್ರೇಲಿ ಕೊಡ್ತಾರೆ ಅಂದ್ರು" ಅಂದ. ಆಮೇಲೆ ಊಟ ಆಗೋವರೆಗೂ ಇಬ್ಬರೂ ಮಾತಾಡಲಿಲ್ಲ.

ಊಟ ಆದ ಮೇಲೆ ಆ ಆರು ಹುಡುಗರ ವಿಷಯ ತೆಗೆದೆ. ನಾಚಿಕೆ ಅವನಿಗೆ, ತಾನು ಕಲಿಸಿದವರ ಹತ್ರ ಕೆಲಸ ಕೇಳೋದಾ ಅಂತ. ಕೆಲಸ ಕೊಡು ಅಂತ ಕೇಳಬೇಡ, ನಿಮ್ಮಲ್ಲಿ ಯಾವ ಮೆಷಿನ್ ಖಾಲಿ ನಿಂತೈತೆ ಅಂತ ಕೇಳು ಅಂದೆ. ಇಬ್ಬರೂ ಕೂತು ಮೆಸೇಜ್ ಬರೆದ್ವಿ: "ನಮ್ಮ ಲೈನ್ ಆಗಸ್ಟ್‌ನಲ್ಲಿ ಮುಚ್ಚಿದ್ರು. ಸಿಎನ್‌ಸಿ ಟರ್ನಿಂಗು, ಫ್ಯಾನಕ್ ಕಂಟ್ರೋಲು, ಸೆಟ್ಟಿಂಗ್ ನಾನೇ ಮಾಡ್ತೀನಿ, ಹನ್ನೊಂದು ವರ್ಷ. ನಿಮ್ಮ ಕಡೆ ಸೆಟ್ಟರ್ ಬೇಕಿದ್ರೆ ಯಾರ ಹತ್ರ ಮಾತಾಡ್ಬೇಕು ಅಂತ ಹೆಸರು, ನಂಬರ್ ಕಳಿಸು." ಅಷ್ಟೇ. ಕಷ್ಟ ತೋಡ್ಕೊಳ್ಳಲಿಲ್ಲ, ಯಾವ ಕೆಲಸ ಬರುತ್ತೆ ಅನ್ನೋದು ಮಾತ್ರ ಇತ್ತು. ಓದಿದವನು ಅದನ್ನ ಹಂಗೇ ತನ್ನ ಸೂಪರ್‌ವೈಸರ್‌ಗೆ ದಾಟಿಸಬಹುದು. ಆರರಲ್ಲಿ ಇಬ್ಬರು ಉತ್ತರಾನೇ ಕೊಡಲಿಲ್ಲ. ಮೂವರು ನೋಡ್ತೀವಿ ಅಣ್ಣ ಅಂದ್ರು. ಒಬ್ಬ ನಂಬರ್ ಕಳಿಸಿದ, ತುಮಕೂರು ಹತ್ರ ವಸಂತನರಸಾಪುರದ ಕೈಗಾರಿಕಾ ಪ್ರದೇಶದ್ದು.

ಅಲ್ಲಿ ನವೆಂಬರ್‌ನಲ್ಲಿ ಸೇರಿದ. ಸಂಬಳ 33,000, ಮೊದಲಿಗಿಂತ ಐದು ಸಾವಿರ ಕಡಿಮೆ. ಅದರ ಬಗ್ಗೆ ಅವನಿಗೆ ಇನ್ನೂ ಬೇಜಾರಿದೆ, ಇರಲಿ ಬಿಡಿ. ಬಂದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಬ್ಯಾಂಕಲ್ಲೇ ಉಳೀತು. ಹಸು ಮಾತು ಈಗ ಎತ್ತಲ್ಲ, ಆದ್ರೆ ನಮ್ಮ ಕೊಟ್ಟಿಗೆಗೆ ಬಂದ್ರೆ ಆ ಬುಷ್ ಕೈ ಹಾಕಿ ಅಲ್ಲಾಡಿಸಿ ನೋಡ್ತಾನೆ.

ಪಕ್ಕದ ಹಳ್ಳಿ ಹುಡುಗನಿಗೆ ಇದನ್ನೆಲ್ಲಾ ಫೋನಲ್ಲೇ ಹೇಳಿದೆ. ನನ್ನ ಮೆಸೇಜನ್ನೇ ಕಳಿಸಿ, ಹಂಗೇ ಫಾರ್ವರ್ಡ್ ಮಾಡ್ತೀನಿ ಅಂದ. ಬೇಡ ಅಂದೆ. ನಿನ್ನ ಗೆಳೆಯ ಹನ್ನೊಂದು ವರ್ಷ ಪೀಣ್ಯದಲ್ಲಿ ಇದ್ದವನಲ್ಲ, ಅವನು ಏನು ಮಾಡಿದಾನೆ ಅಂತ ನಿಂಗೇ ಗೊತ್ತು, ಅದನ್ನ ಬರಿ. ಯಾವತ್ತು ಹೋಗ್ತೀಯ, ಎಷ್ಟೊತ್ತಿಗೆ ಅನ್ನೋದನ್ನೂ ಬರಿ. ಶನಿವಾರ ಹೋಗ್ತಾನಂತೆ. ಹೋಗೋವಾಗ ಒಂದು ಚೀಲ ಎಳನೀರು ತಗೊಂಡು ಹೋಗ್ಲಾ ಅಂತ ಕೇಳಿದ, ನಮ್ಮ ತೋಟದಲ್ಲೇ ಕಿತ್ಕೋ ಅಂದಿದೀನಿ.